ಟಾರ್ಗೆಟ್ ಮುಟ್ಟಿತು ಎಂದರೆ ಚಾರ್ಟ್ ಗೆದ್ದಂತೆಯೇ?

2010ರ ಜೂನ್ ತಿಂಗಳ ಕೊನೆಯಲ್ಲಿ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕದ ಚಾರ್ಟಿನಲ್ಲಿ ದೊಡ್ಡದೊಂದು 'ಹೆಡ್ ಅಂಡ್ ಶೋಲ್ಡರ್ಸ್' ಪೂರ್ಣಗೊಂಡಿತು. ಜನವರಿಯಲ್ಲಿ 1150ರ ಹತ್ತಿರ ಎಡ ಭುಜ, ಏಪ್ರಿಲ್ ಕೊನೆಯಲ್ಲಿ 1220ರ ತಲೆ, ಜೂನ್ 21ರಂದು 1131ರ ಬಲ ಭುಜ. ಫೆಬ್ರವರಿ, ಮೇ ಮತ್ತು ಜೂನ್‌ನಲ್ಲಿ ಸೂಚ್ಯಂಕ ಇಳಿದು ನಿಂತದ್ದೆಲ್ಲ 1040ರ ಆಸುಪಾಸಿನಲ್ಲಿ. ಆ ತಳಗಳನ್ನು ಜೋಡಿಸಿದರೆ ಹೆಚ್ಚುಕಡಿಮೆ ಸಮತಟ್ಟಾದ ನೆಕ್‌ಲೈನ್ ಸಿಗುತ್ತಿತ್ತು. ಜೂನ್ 30ರಂದು ಸೂಚ್ಯಂಕ ಅದರ ಕೆಳಗೆ, 1031ರಲ್ಲಿ ದಿನ ಮುಗಿಸಿತು. ಪಠ್ಯಪುಸ್ತಕದ ಲೆಕ್ಕ ಹಾಕಿದರೆ ಟಾರ್ಗೆಟ್ 860.

ಸೂಚ್ಯಂಕ ಆ 860ರ ಹತ್ತಿರಕ್ಕೂ ಹೋಗಲಿಲ್ಲ. ಆ ವರ್ಷವನ್ನು ಅದು 1257ರಲ್ಲಿ ಮುಗಿಸಿತು.

ಒಂದು ಸೋಲನ್ನು ಹಿಡಿದುಕೊಂಡು ಚಾರ್ಟ್ ಓದುವ ವಿದ್ಯೆಯನ್ನೇ ತಳ್ಳಿಹಾಕುವುದು ಸುಲಭ. ಗೆದ್ದ ನಾಲ್ಕು ಚಿತ್ರಗಳನ್ನು ತೋರಿಸಿ ಅದನ್ನು ಎತ್ತಿ ಹಿಡಿಯುವುದೂ ಅಷ್ಟೇ ಸುಲಭ. ಎರಡರಿಂದಲೂ ನಮಗೆ ತಿಳಿಯುವುದು ಏನೂ ಇಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ. ಟಾರ್ಗೆಟ್ ಎಂಬ ಸಂಖ್ಯೆ ಎಲ್ಲಿಂದ ಬರುತ್ತದೆ? ಆಕೃತಿಗೆ ಯಾವ ಶಕ್ತಿಯೂ ಇಲ್ಲದಿದ್ದರೆ ಆ ಟಾರ್ಗೆಟ್ ಎಷ್ಟು ಸಲ ಕಾಕತಾಳೀಯವಾಗಿ ಮುಟ್ಟುತ್ತಿತ್ತು? ಅದಕ್ಕಿಂತ ಹೆಚ್ಚು ಸಲ ಮುಟ್ಟುತ್ತಿದೆಯೇ? ವಿಶ್ವಾಸಾರ್ಹತೆಯ ಮಾತು ಶುರುವಾಗುವುದು ಈ ಮೂರನೆಯ ಪ್ರಶ್ನೆಯಿಂದ.

ಆಕೃತಿ ಹುಟ್ಟುವುದು ಯಾವಾಗ

ಚಾರ್ಟ್ ಆಕೃತಿಗಳನ್ನು ಕ್ರಮವಾಗಿ ವಿಂಗಡಿಸಿ ಬರೆದವರಲ್ಲಿ ಮೊದಲ ಸಾಲಿನ ಹೆಸರು ರಿಚರ್ಡ್ ಶಬಾಕರ್ ಅವರದು. 'ಫೋರ್ಬ್ಸ್' ಪತ್ರಿಕೆಯ ಹಣಕಾಸು ಸಂಪಾದಕರಾಗಿದ್ದ ಅವರು 1930ರ ದಶಕದ ಆರಂಭದಲ್ಲಿ ಈ ಕೆಲಸ ಮಾಡಿದರು. ಅದನ್ನು ಮುಂದುವರಿಸಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಜಾನ್ ಮಗೀ 1948ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಈ ಕ್ಷೇತ್ರದ ಮೂಲಗ್ರಂಥ. ಇವತ್ತು ಮೊಬೈಲ್ ಆ್ಯಪ್‌ಗಳಲ್ಲಿ ಗೆರೆ ಎಳೆಯುವವರೂ ಬಹುಮಟ್ಟಿಗೆ ಆ ನಿಯಮಗಳನ್ನೇ ಬಳಸುತ್ತಾರೆ.

ಹೆಡ್ ಅಂಡ್ ಶೋಲ್ಡರ್ಸ್ ಹೇಳುವ ಕಥೆ ಸರಳ. ಬೆಲೆ ಏರುತ್ತಾ ಬಂದು ಒಂದು ಶಿಖರ ಕಟ್ಟುತ್ತದೆ, ಇಳಿಯುತ್ತದೆ, ಇನ್ನೂ ಎತ್ತರದ ಶಿಖರಕ್ಕೆ ಹೋಗುತ್ತದೆ, ಮತ್ತೆ ಇಳಿಯುತ್ತದೆ. ಮೂರನೆಯ ಏರಿಕೆ ಹಿಂದಿನ ಎತ್ತರ ತಲುಪದೆ ಸೋಲುತ್ತದೆ. ಕೊಳ್ಳುವವರ ಉಸಿರು ಕಟ್ಟಿದೆ ಎಂಬುದಕ್ಕೆ ಆ ಸೋಲೇ ಗುರುತು. ಡಬಲ್ ಟಾಪ್‌ನಲ್ಲಿ ಶಿಖರಗಳು ಎರಡೇ, ಎತ್ತರ ಸರಿಸುಮಾರು ಒಂದೇ, ನಡುವೆ ಒಂದು ಕಣಿವೆ. ಎರಡನೆಯ ಶಿಖರದಲ್ಲಿ, ಅಥವಾ ಬಲ ಭುಜದಲ್ಲಿ, ವಾಲ್ಯೂಮ್ ಕಡಿಮೆಯಾಗಿದ್ದರೆ ಒಳ್ಳೆಯದು ಎನ್ನುತ್ತಾರೆ ಹಳೆಯ ಲೇಖಕರು. ಆ ಎತ್ತರದಲ್ಲಿ ಕೊಳ್ಳಲು ಬಂದವರು ಕಡಿಮೆ ಎಂಬುದು ಅದರ ತಾತ್ಪರ್ಯ.

ಇಷ್ಟಾದರೂ ಆಕೃತಿ ಹುಟ್ಟಿಲ್ಲ. ನಡುವಿನ ತಳಗಳನ್ನು ಜೋಡಿಸುವ ನೆಕ್‌ಲೈನ್ ಅನ್ನು, ಡಬಲ್ ಟಾಪ್ ಆದರೆ ಕಣಿವೆಯ ತಳವನ್ನು, ಬೆಲೆ ಮುರಿದು ಕೆಳಗೆ ದಿನ ಮುಗಿಸಿದ ಮೇಲಷ್ಟೇ ಅದಕ್ಕೆ ಆ ಹೆಸರು ಸಲ್ಲುತ್ತದೆ. ಈ ಒಂದು ಷರತ್ತನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಿಫ್ಟಿಯೇ ಉದಾಹರಣೆ. 2008ರ ಜನವರಿ 8ರಂದು ಅದು ವಹಿವಾಟಿನ ನಡುವೆ 6357 ಮುಟ್ಟಿತು. ಜಾಗತಿಕ ಕುಸಿತದಲ್ಲಿ, ಅದೇ ವರ್ಷದ ಅಕ್ಟೋಬರ್ 27ರಂದು, 2252ಕ್ಕೆ ಬಿತ್ತು. 2010ರ ದೀಪಾವಳಿಯ ದಿನ, ನವೆಂಬರ್ 5ರಂದು, ಮತ್ತೆ 6338ಕ್ಕೆ ಏರಿ ಅಲ್ಲಿಂದ ತಿರುಗಿತು. ನೋಟಕ್ಕೆ ಎರಡು ಅವಳಿ ಶಿಖರಗಳು. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ನಿಫ್ಟಿ 4531ಕ್ಕೆ ಇಳಿದಾಗ, ಅಂದರೆ ಶೇಕಡ 28ರಷ್ಟು ಕಳೆದುಕೊಂಡಾಗ, ಡಬಲ್ ಟಾಪ್ ಫಲಿಸಿತೆಂದು ಯಾರಿಗಾದರೂ ಅನ್ನಿಸಬಹುದಿತ್ತು. ಆದರೆ ನಡುವಿನ ತಳ ಇದ್ದದ್ದು 2252ರಲ್ಲಿ. ಅದರ ಹತ್ತಿರಕ್ಕೂ ಬೆಲೆ ಹೋಗಲಿಲ್ಲ. 2014ರ ಮೇ ಹೊತ್ತಿಗೆ ನಿಫ್ಟಿ 7000 ದಾಟಿತ್ತು. ನಿಯಮದ ಪ್ರಕಾರ ಅಲ್ಲಿ ಡಬಲ್ ಟಾಪ್ ಇರಲೇ ಇಲ್ಲ. ಒಂದೇ ಎತ್ತರದ ಎರಡು ಶಿಖರಗಳು ಮಾತ್ರ ಇದ್ದವು, ಅಂಥವು ಏರುವ ಮಾರುಕಟ್ಟೆಯಲ್ಲೂ ಎಷ್ಟೋ ಸಲ ಮೂಡುತ್ತವೆ.

ನೆಕ್‌ಲೈನ್ ಮುರಿಯುವವರೆಗೆ ಕಾಯಬೇಕೆಂಬ ನಿಯಮಕ್ಕೆ ಬೆಲೆಯೂ ಇದೆ. ಶಿಖರದಿಂದ ನೆಕ್‌ಲೈನ್‌ವರೆಗಿನ ಇಡೀ ಇಳಿಕೆ ಕಾಯುವವರ ಕೈತಪ್ಪುತ್ತದೆ. ಮುಗಿದ ಚಾರ್ಟನ್ನು ಹಿಂದಿರುಗಿ ನೋಡುವವರ ಕಣ್ಣಿಗೆ ಶಿಖರದಿಂದ ತಳದವರೆಗಿನ ಪೂರ್ತಿ ಕುಸಿತ ಬೀಳುತ್ತದೆ. ನಿಯಮ ಪಾಲಿಸಿದವರ ಪಾಲಿಗೆ ಉಳಿಯುವುದು ಅದರ ಕೆಳಗಿನ ತುಂಡು ಮಾತ್ರ. ಆಕೃತಿ ಎಷ್ಟು ನಂಬಲರ್ಹ ಎಂದು ಅಳೆಯುವಾಗ ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ ತುಂಡನ್ನೇ.

ಟಾರ್ಗೆಟ್ ಅಳೆಯುವ ಬಗೆ

ಅಳತೆಯ ನಿಯಮ ಎರಡೂ ಆಕೃತಿಗಳಿಗೆ ಒಂದೇ. ತಲೆಯ ತುದಿಯಿಂದ ನೇರ ಕೆಳಗೆ ನೆಕ್‌ಲೈನ್‌ವರೆಗಿನ ಎತ್ತರವನ್ನು ತೆಗೆದುಕೊಳ್ಳಬೇಕು. ನೆಕ್‌ಲೈನ್ ಮುರಿದ ಜಾಗದಿಂದ ಅಷ್ಟನ್ನೇ ಕೆಳಕ್ಕೆ ಕಳೆಯಬೇಕು. 2010ರ ಉದಾಹರಣೆಯಲ್ಲಿ 1220ರಿಂದ 1040 ಕಳೆದರೆ 180. 1040ರಿಂದ ಮತ್ತೆ 180 ಕಳೆದರೆ 860.

ನೆಕ್‌ಲೈನ್ ಓರೆಯಾಗಿದ್ದಾಗ ಎರಡು ಜಾಗಗಳಲ್ಲಿ ಎಚ್ಚರ ಬೇಕು. ಎತ್ತರವನ್ನು ಅಳೆಯುವಾಗ ತಲೆಯ ನೇರ ಕೆಳಗೆ ಗೆರೆ ಯಾವ ಮಟ್ಟದಲ್ಲಿದೆಯೋ ಅದನ್ನು ಹಿಡಿಯಬೇಕು. ಕಳೆಯುವಾಗ ಗೆರೆಯನ್ನು ಬೆಲೆ ಮುರಿದ ದಿನದ ಮಟ್ಟವನ್ನು ಹಿಡಿಯಬೇಕು. ಗೆರೆ ಕೆಳಮುಖವಾಗಿ ವಾಲಿದ್ದರೆ ಮುರಿಯುವ ಹೊತ್ತಿಗೆ ಬೆಲೆ ಈಗಾಗಲೇ ಬಹಳ ಕೆಳಗಿರುತ್ತದೆ. ಅದನ್ನು ಗಮನಿಸದೆ ಪೂರ್ತಿ ಎತ್ತರ ಕಳೆದರೆ ಟಾರ್ಗೆಟ್ ಅತಿಯಾಗಿ ಆಳಕ್ಕೆ ಇಳಿಯುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಅಂಕಗಳಲ್ಲಿ ಅಳೆಯಬೇಕೋ ಶೇಕಡದಲ್ಲಿ ಅಳೆಯಬೇಕೋ ಎಂಬುದು. ಎಸ್ ಅಂಡ್ ಪಿ 500 ಸೂಚ್ಯಂಕವೇ 2010ಕ್ಕೂ ಮುಂಚೆ ಒಂದು ಭಾರೀ ಡಬಲ್ ಟಾಪ್ ಕಟ್ಟಿತ್ತು. 2000ದ ಮಾರ್ಚ್‌ನಲ್ಲಿ ಮುಕ್ತಾಯದ ಶಿಖರ 1527, 2007ರ ಅಕ್ಟೋಬರ್‌ನಲ್ಲಿ 1565. ನಡುವೆ, 2002ರ ಅಕ್ಟೋಬರ್‌ನಲ್ಲಿ, 777ರ ತಳ. 2008ರ ನವೆಂಬರ್ 20ರಂದು ಸೂಚ್ಯಂಕ 752ರಲ್ಲಿ ಮುಗಿದು ಆ ತಳವನ್ನು ಮುರಿಯಿತು. ಅಂಕಗಳ ಲೆಕ್ಕದಲ್ಲಿ ಎತ್ತರ 788. 777ರಿಂದ ಅದನ್ನು ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅಮೆರಿಕದ 500 ದೊಡ್ಡ ಕಂಪನಿಗಳ ಒಟ್ಟು ಬೆಲೆ ಸೊನ್ನೆಗಿಂತ ಕಡಿಮೆ ಆಗುವುದೆಂದರೆ ಅರ್ಥವೇ ಇಲ್ಲ.

ಹೀಗಾಗಿ ಆಕೃತಿ ಎತ್ತರವಾಗಿದ್ದಾಗ ಶೇಕಡದ ಅಳತೆಯೇ ಸರಿ. 1565ರಿಂದ 777ಕ್ಕೆ ಇಳಿದದ್ದು ಸುಮಾರು ಅರ್ಧದಷ್ಟು. 777ರಿಂದ ಇನ್ನೊಮ್ಮೆ ಅಷ್ಟೇ ಪಾಲು ಇಳಿದರೆ ಸುಮಾರು 386. ಆದರೆ ನಿಜವಾಗಿ ಮುಕ್ತಾಯದ ತಳ ಸಿಕ್ಕಿದ್ದು 2009ರ ಮಾರ್ಚ್ 9ರಂದು, 676ರಲ್ಲಿ. ನೆಕ್‌ಲೈನ್‌ನಿಂದ ಶೇಕಡ 13ರಷ್ಟು ಕೆಳಗೆ ಹೋಗಿ ಮಾರುಕಟ್ಟೆ ತಿರುಗಿಬಿಟ್ಟಿತು. ಒಂದು ತಲೆಮಾರು ಕಂಡ ಅತಿ ಕೆಟ್ಟ ಕುಸಿತದಲ್ಲೂ ಈ ಟಾರ್ಗೆಟ್ ಫಲಿಸಲಿಲ್ಲ. ಎಂಟು ವರ್ಷಗಳಲ್ಲಿ ಮೂಡಿದ ಆಕೃತಿ ಪೂರ್ಣವಾದದ್ದು ತಳಕ್ಕೆ ಸುಮಾರು ಮೂರೂವರೆ ತಿಂಗಳು ಬಾಕಿಯಿದ್ದಾಗ.

2010ರಂಥ ಸಾಧಾರಣ ಎತ್ತರದ ಆಕೃತಿಯಲ್ಲಿ ಈ ಎರಡು ಅಳತೆಗಳ ಅಂತರ ದೊಡ್ಡದಲ್ಲ. ಅಂಕಗಳಲ್ಲಿ 860 ಬಂದರೆ ಶೇಕಡದಲ್ಲಿ 887. ಎತ್ತರ ಬೆಲೆಯ ಐದನೇ ಒಂದು ಭಾಗ ಮೀರಿದರೆ ಶೇಕಡಕ್ಕೆ ಹೋಗುವುದು ಒಳ್ಳೆಯ ರೂಢಿ. ಜೊತೆಗೆ ಹಳೆಯ ಚಾರ್ಟಿಸ್ಟರ ಇನ್ನೊಂದು ಮಿತಿಯನ್ನೂ ನೆನಪಿಡಬೇಕು: ತಿರುವಿನ ಆಕೃತಿ ಅದರ ಹಿಂದಿನ ಏರಿಕೆಯನ್ನು ಮಾತ್ರ ತಿರುಗಿಸಬಲ್ಲದು. ಆಕೃತಿಗೆ ಮುಂಚಿನ ಏರಿಕೆ ಚಿಕ್ಕದಾಗಿದ್ದರೆ ದೊಡ್ಡ ಟಾರ್ಗೆಟ್‌ಗೆ ಆಧಾರವಿಲ್ಲ.

ಆದರೂ ಮೂಲ ಪ್ರಶ್ನೆ ಉಳಿಯುತ್ತದೆ. ಮೇಲಿನ ಎತ್ತರದಷ್ಟೇ ಕೆಳಗೂ ಯಾಕೆ ಇಳಿಯಬೇಕು? ಇದನ್ನು ಕಡ್ಡಾಯ ಮಾಡುವ ಯಾವ ಆರ್ಥಿಕ ಕಾರಣವೂ ಇಲ್ಲ. ಆಕೃತಿ ಎತ್ತರವಾಗಿದ್ದರೆ ಆ ಷೇರಿನ ಏರಿಳಿತ ದೊಡ್ಡದು, ಆದ್ದರಿಂದ ಮುಂದಿನ ಚಲನೆಯೂ ಅದೇ ಪ್ರಮಾಣದಲ್ಲಿ ಇರಬಹುದು ಎಂಬ ಅಂದಾಜಿಗಷ್ಟೇ ಆಧಾರವಿದೆ. ಟಾರ್ಗೆಟ್ ಚಲನೆಯ ಗಾತ್ರದ ಬಗ್ಗೆ ಒಂದು ಮಟ್ಟಿಗೆ ಹೇಳುತ್ತದೆ. ದಿಕ್ಕಿನ ಬಗ್ಗೆ ಏನೂ ಹೇಳುವುದಿಲ್ಲ.

1031, 1131, 860

ಈಗ 2010ರ ವಹಿವಾಟನ್ನು ನಿಯಮದಂತೆ ನಡೆಸಿ ನೋಡೋಣ. ಪ್ರವೇಶ ಜೂನ್ 30ರ ಮುಕ್ತಾಯ, 1031. ಬಲ ಭುಜದ ತುದಿ 1131 ದಾಟಿದರೆ ಆಕೃತಿ ಸುಳ್ಳಾಯಿತೆಂದು ಸ್ಟಾಪ್‌ಲಾಸ್ ಅಲ್ಲಿ. ಟಾರ್ಗೆಟ್ 860. ಸೋತರೆ ಕಳೆದುಕೊಳ್ಳುವುದು 100 ಅಂಕ, ಗೆದ್ದರೆ ಬರುವುದು 171. ಒಂದಕ್ಕೆ 1.7 ಎಂಬ ಅನುಪಾತ ಆಕರ್ಷಕವಾಗಿಯೇ ಕಾಣುತ್ತದೆ.

ಮೊದಲೆರಡು ದಿನ ಎಲ್ಲವೂ ನಿರೀಕ್ಷೆಯಂತೆಯೇ ನಡೆಯಿತು. ಜುಲೈ 1ರಂದು ಸೂಚ್ಯಂಕ ವಹಿವಾಟಿನ ನಡುವೆ 1011ಕ್ಕೆ ಇಳಿಯಿತು, ಜುಲೈ 2ರಂದು 1022ರಲ್ಲಿ ಮುಗಿಯಿತು. ಜುಲೈ 7ರಂದು 1060ಕ್ಕೆ ಜಿಗಿದು ನೆಕ್‌ಲೈನ್ ಮೇಲಕ್ಕೆ ಮರಳಿತು. ಆಗಸ್ಟ್ ಎರಡನೇ ವಾರದ ಹೊತ್ತಿಗೆ 1129ರವರೆಗೆ ಏರಿ, ಸ್ಟಾಪ್‌ಲಾಸ್‌ಗೆ ಎರಡೇ ಅಂಕ ಉಳಿಸಿ, ಮತ್ತೆ ಇಳಿಯತೊಡಗಿತು. ಆಗಸ್ಟ್ ಕೊನೆಯಲ್ಲಿ ಪುನಃ 1040ರ ಗೆರೆ ಮುಟ್ಟಿತು. ಶಾರ್ಟ್ ಮಾಡಿ ಕುಳಿತವರಿಗೆ ಈಗ ಮುರಿಯುತ್ತದೆ ಎಂದು ಅನ್ನಿಸಿದ್ದರೆ ತಪ್ಪಿಲ್ಲ. ಮುರಿಯಲಿಲ್ಲ. ಸೆಪ್ಟೆಂಬರ್ 20ರಂದು ಸೂಚ್ಯಂಕ 1142ರಲ್ಲಿ ಮುಗಿದಾಗ ವಹಿವಾಟು ನಷ್ಟದಲ್ಲಿ ಕೊನೆಗೊಂಡಿತು.

ಈ ಸೋಲನ್ನು ಮೊದಲೇ ಗುರುತಿಸಬಹುದಿತ್ತೇ? ಒಂದು ಸೂಚನೆ ಇತ್ತು. ನೆಕ್‌ಲೈನ್ ಮುರಿದ ಒಂದು ವಾರದೊಳಗೆ ಬೆಲೆ ಅದರ ಮೇಲೆ ದಿನ ಮುಗಿಸಿತು. ಬಲವಾದ ಕುಸಿತದಲ್ಲಿ ಮುರಿದ ಗೆರೆ ಮೇಲಿನಿಂದ ತಡೆಯಾಗಿ ಕೆಲಸ ಮಾಡಬೇಕು. ಬೆಲೆ ಅದನ್ನು ಮುಟ್ಟಿ ಹಿಂದಿರುಗಬೇಕು. ಹಾಗೆ ಆಗದೆ ಗೆರೆಯ ಮೇಲೆ ನಿಂತರೆ ಮಾರುವವರ ಬಲ ಮುಗಿದಿದೆ ಎಂದರ್ಥ. ಬಲ ಭುಜದವರೆಗೆ ಕಾಯದೆ ಅಲ್ಲೇ ಹೊರಬಿದ್ದಿದ್ದರೆ ನಷ್ಟ 100ರ ಬದಲು 30 ಅಂಕದಲ್ಲಿ ಮುಗಿಯುತ್ತಿತ್ತು. ಈ ಬಿಗಿ ಸ್ಟಾಪ್‌ಲಾಸ್‌ಗೂ ಅದರದೇ ದರವಿದೆ: ಗೆರೆಯ ಮೇಲೆ ಒಂದು ದಿನ ಇಣುಕಿ ನಂತರ ಬೀಳುವ ಒಳ್ಳೆಯ ಆಕೃತಿಗಳಿಂದಲೂ ಅದು ನಮ್ಮನ್ನು ಹೊರಗೆ ಹಾಕುತ್ತದೆ.

ಮುರಿದು ಮರಳುವ ಈ ನಡತೆಗೆ ಸಂಭವನೀಯ ಕಾರಣವೊಂದಿದೆ. ಎಲ್ಲರಿಗೂ ಕಾಣುವ ಗೆರೆಯ ಕೆಳಗೆ ಬಹಳ ಜನರ ಸ್ಟಾಪ್‌ಲಾಸ್ ಆದೇಶಗಳು ಗುಂಪಾಗಿ ಕುಳಿತಿರುತ್ತವೆ. ಅರ್ಥಶಾಸ್ತ್ರಜ್ಞೆ ಕ್ಯಾರಲ್ ಆಸ್ಲರ್ ವಿದೇಶಿ ವಿನಿಮಯ ಮಾರುಕಟ್ಟೆಯ ನಿಜವಾದ ಆದೇಶಗಳನ್ನು ಪರಿಶೀಲಿಸಿ, ಸ್ಟಾಪ್‌ಲಾಸ್‌ಗಳು ದುಂಡು ಸಂಖ್ಯೆಗಳ ಆಚೆಬದಿಗೆ ಒಟ್ಟುಗೂಡುತ್ತವೆ ಎಂದು ತೋರಿಸಿದ್ದಾರೆ. ಬೆಲೆ ಅಲ್ಲಿಗೆ ತಲುಪಿದಾಗ ಅವೆಲ್ಲ ಒಟ್ಟಿಗೆ ಮಾರಾಟವಾಗಿ ಬೆಲೆ ರಭಸದಿಂದ ಬೀಳುತ್ತದೆ. ಆ ಮಾರಾಟ ಮುಗಿದ ಮೇಲೆ ಹೊಸದಾಗಿ ಮಾರುವವರು ಬರದಿದ್ದರೆ ಬೆಲೆಯನ್ನು ಕೆಳಗೆ ಹಿಡಿದಿಡುವವರು ಯಾರೂ ಇರುವುದಿಲ್ಲ.

ಶೇಕಡ 37ರ ಮಾತು

ಮೇಲಿನ ವಹಿವಾಟು ಸೋತದ್ದು ಮುಖ್ಯವಲ್ಲ. ಇಂಥ ನೂರು ವಹಿವಾಟು ಮಾಡಿದರೆ ಎಷ್ಟು ಗೆಲ್ಲಬೇಕಿತ್ತು ಎಂಬುದು ಮುಖ್ಯ. ಸೋತಾಗ 100, ಗೆದ್ದಾಗ 171 ಆದರೆ ಲಾಭನಷ್ಟ ಸರಿಹೋಗಲು ಬೇಕಾದ ಗೆಲುವು 100 ಭಾಗಿಸು 271, ಅಂದರೆ ಶೇಕಡ 37.

ಇದೇ ಸಂಖ್ಯೆ ಇನ್ನೊಂದು ದಾರಿಯಿಂದಲೂ ಬರುತ್ತದೆ, ಈ ವಿಷಯದ ತಿರುಳು ಇರುವುದು ಅಲ್ಲಿಯೇ. ಬೆಲೆಗೆ ನೆನಪೇ ಇಲ್ಲ, ಪ್ರತಿ ಹೆಜ್ಜೆಯೂ ನಾಣ್ಯ ಚಿಮ್ಮಿದಂತೆ ಮೇಲೆ ಅಥವಾ ಕೆಳಗೆ ಹೋಗುತ್ತದೆ ಎಂದು ಭಾವಿಸೋಣ. ಅಂಥ ಬೆಲೆ ಮೇಲಿನ ಸ್ಟಾಪ್‌ಲಾಸ್‌ಗೆ ಮೊದಲು ಕೆಳಗಿನ ಟಾರ್ಗೆಟ್ ಮುಟ್ಟುವ ಸಂಭವ ಎಷ್ಟು? ಸ್ಟಾಪ್‌ಲಾಸ್‌ನ ದೂರವನ್ನು ಎರಡೂ ದೂರಗಳ ಮೊತ್ತದಿಂದ ಭಾಗಿಸಿದಷ್ಟು. ಇದು ಸಂಭವನೀಯತಾ ಗಣಿತದ ಹಳೆಯ ಫಲಿತಾಂಶ. ಅಂದರೆ ಮತ್ತೆ 100 ಭಾಗಿಸು 271, ಶೇಕಡ 37. ಚಾರ್ಟಿನಲ್ಲಿ ಏನೂ ಮಾಹಿತಿ ಇಲ್ಲದಿದ್ದರೂ ನೂರರಲ್ಲಿ 37 ಟಾರ್ಗೆಟ್‌ಗಳು ಮುಟ್ಟುತ್ತವೆ, ಅಷ್ಟು ಗೆದ್ದವರ ಕೈಯಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ 'ಈ ಪ್ಯಾಟರ್ನ್ ಶೇಕಡ 60 ಸಲ ಕೆಲಸ ಮಾಡುತ್ತದೆ' ಎಂಬ ಮಾತಿಗೆ ತಾನಾಗಿ ಅರ್ಥವಿಲ್ಲವೆಂದು ತಿಳಿಯುತ್ತದೆ. ಡಬಲ್ ಟಾಪ್‌ನಲ್ಲಿ ಸ್ಟಾಪ್‌ಲಾಸ್ ಅನ್ನು ಶಿಖರದ ಮೇಲಿಟ್ಟು ಪೂರ್ತಿ ಎತ್ತರದ ಟಾರ್ಗೆಟ್ ಹಿಡಿದರೆ ಎರಡೂ ದೂರ ಸಮ. ಏನೂ ತಿಳಿಯದವರೂ ಅರ್ಧದಷ್ಟು ಸಲ ಗೆಲ್ಲುತ್ತಾರೆ. ಟಾರ್ಗೆಟ್ ಅನ್ನು ಅರ್ಧ ಮಾಡಿದರೆ ಗೆಲುವು ಶೇಕಡ 67ಕ್ಕೆ ಏರುತ್ತದೆ. ಆಕೃತಿಯ ಗುಣ ಒಂದಿಷ್ಟೂ ಹೆಚ್ಚಾಗಿಲ್ಲ, ಗೆರೆ ಹತ್ತಿರ ಬಂದಿದೆ ಅಷ್ಟೇ. ಗೆದ್ದಾಗ ಬರುವ ಹಣವೂ ಅರ್ಧವಾಗಿದೆ. ಹೀಗಾಗಿ ಯಾವುದೇ ಯಶಸ್ಸಿನ ಪ್ರಮಾಣವನ್ನು ಕೇಳಿದಾಗ ಸ್ಟಾಪ್‌ಲಾಸ್ ಎಲ್ಲಿ, ಟಾರ್ಗೆಟ್ ಎಲ್ಲಿ ಎಂದು ಮೊದಲು ಕೇಳಬೇಕು. ಆ ಎರಡು ದೂರಗಳಿಂದ ಬರುವ ಸಂಖ್ಯೆಗಿಂತ ಎಷ್ಟು ಮೇಲಿದೆಯೋ ಅಷ್ಟೇ ಆಕೃತಿಯ ಕೊಡುಗೆ.

ಷೇರುಗಳ ವಿಷಯದಲ್ಲಿ ಇನ್ನೂ ಒಂದು ಭಾರ ಸೇರುತ್ತದೆ. ದೀರ್ಘಕಾಲದಲ್ಲಿ ಷೇರು ಸೂಚ್ಯಂಕಗಳು ಮೇಲ್ಮುಖವಾಗಿ ಸಾಗುತ್ತವೆ. ಶಿಖರದ ಆಕೃತಿಗಳು ಆ ಹರಿವಿಗೆ ಎದುರಾಗಿ ಈಜಬೇಕು. ತಿಂಗಳುಗಟ್ಟಲೆ ಕಾಯುವ ದೊಡ್ಡ ಆಕೃತಿಯಲ್ಲಿ ಈ ಭಾರ ಹೆಚ್ಚು, ಆದ್ದರಿಂದ ಕಾಕತಾಳೀಯ ಗೆಲುವು 37ಕ್ಕಿಂತಲೂ ಕಡಿಮೆಯೇ ಇರುತ್ತದೆ.

ಸಂಶೋಧನೆಗಳು ಕಂಡದ್ದು

ಚಿಕಾಗೊ ವಿಶ್ವವಿದ್ಯಾಲಯದ ಹ್ಯಾರಿ ರಾಬರ್ಟ್ಸ್ 1959ರಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಒಂದರ ಮೇಲೊಂದು ಕೂಡಿಸುತ್ತಾ ಒಂದು ವರ್ಷದ ಕಾಲ್ಪನಿಕ ಮಾರುಕಟ್ಟೆ ಚಾರ್ಟ್ ತಯಾರಿಸಿದರು. 1956ರ ಡೌ ಜೋನ್ಸ್ ಸೂಚ್ಯಂಕದ ಪಕ್ಕದಲ್ಲಿ ಅದನ್ನಿಟ್ಟರೆ ಎರಡೂ ಒಂದೇ ಜಾತಿಯವು ಎನ್ನಿಸುವಂತಿತ್ತು, ಹೆಡ್ ಅಂಡ್ ಶೋಲ್ಡರ್ಸ್ ಕೂಡ ಕಾಣುತ್ತಿತ್ತು. ಆಕೃತಿ ಕಂಡ ಮಾತ್ರಕ್ಕೆ ಅದರ ಹಿಂದೆ ಕೊಳ್ಳುವವರ ಸೋಲು, ಮಾರುವವರ ಗೆಲುವು ಇದೆ ಎನ್ನಲು ಬರುವುದಿಲ್ಲ ಎಂಬುದು ಅವರ ಪಾಠ. ಆದರೆ ಆಕೃತಿ ಎಂದೂ ಅರ್ಥಪೂರ್ಣವಲ್ಲ ಎಂದು ಅದರಿಂದ ಸಾಬೀತಾಗುವುದಿಲ್ಲ. ಅದನ್ನು ತಿಳಿಯಲು ನಿಜವಾದ ಬೆಲೆಗಳಲ್ಲಿ ಎಣಿಸಲೇಬೇಕು.

ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಆಸ್ಲರ್ ಮತ್ತು ಕೆವಿನ್ ಚಾಂಗ್ 1995ರಲ್ಲಿ ಅಂಥ ಎಣಿಕೆ ಮಾಡಿದರು. ಹೆಡ್ ಅಂಡ್ ಶೋಲ್ಡರ್ಸ್ ಎಂದರೇನು, ಎಲ್ಲಿ ಪ್ರವೇಶ, ಎಲ್ಲಿ ನಿರ್ಗಮನ ಎಂಬುದನ್ನು ಕಂಪ್ಯೂಟರ್‌ಗೆ ತಿಳಿಯುವ ನಿಯಮಗಳಾಗಿ ಬರೆದು, 1973ರಿಂದ 1994ರವರೆಗಿನ ಆರು ಕರೆನ್ಸಿಗಳ ದಿನದ ದರಗಳ ಮೇಲೆ ಪರೀಕ್ಷಿಸಿದರು. ಜರ್ಮನಿಯ ಮಾರ್ಕ್ ಮತ್ತು ಜಪಾನಿನ ಯೆನ್‌ನಲ್ಲಿ ಲಾಭ ಕಂಡಿತು. ಉಳಿದ ನಾಲ್ಕರಲ್ಲಿ ಕಾಣಲಿಲ್ಲ. ಮುಂದಿನ ಹೆಜ್ಜೆಯಲ್ಲಿ ಅದನ್ನು ಇನ್ನೂ ಸರಳವಾದ ತಾಂತ್ರಿಕ ನಿಯಮಗಳ ಜೊತೆ ಹೋಲಿಸಿದಾಗ, ಆ ಸರಳ ನಿಯಮಗಳೇ ಮೇಲುಗೈ ಪಡೆದವು. ಆಕೃತಿಯಲ್ಲಿ ಏನೋ ಇದೆ ನಿಜ. ಆದರೆ ಅದನ್ನು ಪಡೆಯಲು ಇಷ್ಟು ಜಟಿಲ ಚಿತ್ರ ಬೇಕಿಲ್ಲ ಎಂದಾಯಿತು. ಅಮೆರಿಕದ ನೂರು ಕಂಪನಿಗಳ ಷೇರುಗಳ ಮೇಲೆ ಆಸ್ಲರ್ ನಡೆಸಿದ ಇನ್ನೊಂದು ಅಧ್ಯಯನದಲ್ಲಿ ಹೆಡ್ ಅಂಡ್ ಶೋಲ್ಡರ್ಸ್ ಲಾಭ ಕೊಡಲಿಲ್ಲ. ಆದರೆ ನೆಕ್‌ಲೈನ್ ಮುರಿದ ದಿನಗಳಲ್ಲಿ ವಾಲ್ಯೂಮ್ ಸ್ಪಷ್ಟವಾಗಿ ಏರಿತ್ತು. ಜನ ಅದನ್ನು ನಂಬಿ ವ್ಯವಹರಿಸುತ್ತಾರೆ, ನಂಬಿದ್ದಕ್ಕೆ ಲಾಭ ಸಿಗುತ್ತಿಲ್ಲ.

ಅತಿ ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನ ಆಂಡ್ರ್ಯೂ ಲೋ, ಹ್ಯಾರಿ ಮಮೇಸ್ಕಿ ಮತ್ತು ಜಿಯಾಂಗ್ ವಾಂಗ್ ಅವರದು, 2000ದಲ್ಲಿ ಪ್ರಕಟವಾದದ್ದು. 1962ರಿಂದ 1996ರವರೆಗಿನ ಅಮೆರಿಕದ ಷೇರು ಬೆಲೆಗಳನ್ನು ಗಣಿತದ ವಿಧಾನದಿಂದ ನಯಗೊಳಿಸಿ, ಹತ್ತು ಆಕೃತಿಗಳನ್ನು ಯಂತ್ರದ ಕೈಯಲ್ಲಿ ಹುಡುಕಿಸಿದರು. ಎರಡು ಭುಜಗಳು ಅವುಗಳ ಸರಾಸರಿಯಿಂದ ಶೇಕಡ 1.5ಕ್ಕಿಂತ ಹೆಚ್ಚು ದೂರ ಇರಬಾರದು, ಡಬಲ್ ಟಾಪ್‌ನ ಶಿಖರಗಳ ನಡುವೆ 22 ದಿನಕ್ಕಿಂತ ಹೆಚ್ಚು ಅಂತರ ಇರಬೇಕು, ಹೀಗೆ ಅವರ ವ್ಯಾಖ್ಯೆಗಳು ಖಚಿತವಾಗಿದ್ದವು. ಹಲವು ಆಕೃತಿಗಳ ನಂತರದ ಪ್ರತಿಫಲ ಸಾಮಾನ್ಯ ದಿನಗಳ ಪ್ರತಿಫಲಕ್ಕಿಂತ ಭಿನ್ನವಾಗಿದೆ, ಈ ಭಿನ್ನತೆ ನ್ಯಾಸ್‌ಡ್ಯಾಕ್ ಷೇರುಗಳಲ್ಲಿ ಹೆಚ್ಚು ಎಂಬುದು ಅವರ ತೀರ್ಮಾನ.

ತಾಂತ್ರಿಕ ವಿಶ್ಲೇಷಣೆಯ ಪರವಾಗಿ ಈ ಅಧ್ಯಯನವನ್ನು ತೋರಿಸುವವರು ಅದರಲ್ಲಿ ಏನನ್ನು ಪರೀಕ್ಷಿಸಲಾಗಿದೆ ಎಂಬುದನ್ನೂ ಓದಬೇಕು. ಅಲ್ಲಿ ಡಬಲ್ ಟಾಪ್ ಎನ್ನಿಸಿಕೊಳ್ಳಲು ನೆಕ್‌ಲೈನ್ ಮುರಿಯುವ ಅಗತ್ಯವಿಲ್ಲ. ಅಳೆದದ್ದು ಆಕೃತಿ ಮುಗಿದ ನಂತರದ ಒಂದು ದಿನದ ಪ್ರತಿಫಲವನ್ನು. ಟಾರ್ಗೆಟ್ ಮುಟ್ಟುತ್ತದೆಯೇ ಎಂಬ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ. ಪ್ರತಿಫಲ ಭಿನ್ನವಾಗಿದ್ದರೆ ಲಾಭ ಸಿಗುತ್ತದೆ ಎಂದೂ ಅವರು ಹೇಳಲಿಲ್ಲ.

ಜೀನ್ ಸ್ಯಾವಿನ್, ಪಾಲ್ ವೆಲ್ಲರ್ ಮತ್ತು ಜಾನಿಸ್ ಜ್ವಿಂಗೆಲಿಸ್ 2007ರಲ್ಲಿ ಇದೇ ವಿಧಾನವನ್ನು ಬದಲಿಸಿ, ಹೆಡ್ ಅಂಡ್ ಶೋಲ್ಡರ್ಸ್ ನಂತರದ ಕೆಲವು ತಿಂಗಳುಗಳನ್ನು ನೋಡಿದರು. ಆಕೃತಿಯೊಂದನ್ನೇ ನಂಬಿ ಶಾರ್ಟ್ ಮಾಡುವುದಕ್ಕೆ ಅವರಿಗೆ ಹೆಚ್ಚಿನ ಬೆಂಬಲ ಸಿಗಲಿಲ್ಲ. ಆದರೆ ಆಕೃತಿ ಮೂಡಿದ ಷೇರುಗಳು ಮುಂದೆ ಮಾರುಕಟ್ಟೆಗಿಂತ ಹಿಂದೆ ಬೀಳುವ ಪ್ರವೃತ್ತಿ ಕಂಡಿತು. ಇಡೀ ಮಾರುಕಟ್ಟೆ ಏರುತ್ತಿದ್ದಾಗ ಆ ಷೇರು ಬೀಳದೆ ಇರಬಹುದು, ಉಳಿದವುಗಳಷ್ಟು ಏರಲಿಕ್ಕಿಲ್ಲ. ಈ ವ್ಯತ್ಯಾಸ ಸಾಮಾನ್ಯ ಹೂಡಿಕೆದಾರರಿಗೆ ಬಹಳ ಉಪಯುಕ್ತವಾದದ್ದು.

ನಾವೇ ಎಣಿಸುವುದು ಹೇಗೆ

ಯಾವುದೇ ಷೇರಿನಲ್ಲಿ ಈ ಆಕೃತಿಗಳನ್ನು ಬಳಸುವ ಮುನ್ನ ಹಳೆಯ ಚಾರ್ಟ್‌ಗಳ ಮೇಲೆ ಪರೀಕ್ಷಿಸಬಹುದು. ಮೊದಲು ವ್ಯಾಖ್ಯೆ ಬರೆದಿಟ್ಟುಕೊಳ್ಳಬೇಕು: ಶಿಖರಗಳ ನಡುವೆ ಎಷ್ಟು ದಿನ, ಎತ್ತರದಲ್ಲಿ ಎಷ್ಟು ವ್ಯತ್ಯಾಸಕ್ಕೆ ಒಪ್ಪಿಗೆ, ನೆಕ್‌ಲೈನ್‌ನಿಂದ ಎಷ್ಟು ಕೆಳಗೆ ಮುಗಿದರೆ ಮುರಿದಂತೆ. ಆಮೇಲೆ ಚಾರ್ಟಿನ ಬಲಭಾಗವನ್ನು ಮುಚ್ಚಿ, ಒಂದೊಂದೇ ದಿನ ತೆರೆಯುತ್ತಾ, ನಿಯಮಕ್ಕೆ ಹೊಂದಿದ ಪ್ರತಿಯೊಂದನ್ನೂ ದಾಖಲಿಸಬೇಕು. ಕುಸಿತವನ್ನು ಮೊದಲು ನೋಡಿ ಅದರ ಎಡಕ್ಕೆ ಭುಜಗಳನ್ನು ಹುಡುಕಿದರೆ ಗೆದ್ದವುಗಳಷ್ಟೇ ಸಿಗುತ್ತವೆ. ಸೋತ ಆಕೃತಿಗಳು ಏರುವ ಗೆರೆಯೊಳಗೆ ಕರಗಿ ಹೋಗಿರುತ್ತವೆ, ಕಣ್ಣಿಗೆ ಬೀಳುವುದಿಲ್ಲ.

ಪ್ರತಿ ದಾಖಲೆಯ ಪಕ್ಕದಲ್ಲಿ ಪ್ರವೇಶ, ಸ್ಟಾಪ್‌ಲಾಸ್, ಟಾರ್ಗೆಟ್ ಮತ್ತು ಆ ದೂರಗಳಿಂದ ಬರುವ ಕಾಕತಾಳೀಯ ಪ್ರಮಾಣವನ್ನು ಬರೆಯಬೇಕು. ಕೊನೆಯಲ್ಲಿ ಆ ಪ್ರಮಾಣಗಳ ಸರಾಸರಿಯನ್ನು ನಿಜವಾದ ಗೆಲುವಿನ ಜೊತೆ ಹೋಲಿಸಬೇಕು. ಸರಾಸರಿ 40 ಇದ್ದು, 50 ಆಕೃತಿಗಳಲ್ಲಿ ಗೆಲುವು ಶೇಕಡ 46 ಬಂತೆಂದು ಹಿಗ್ಗಬಾರದು. ಅಷ್ಟು ಕಡಿಮೆ ಎಣಿಕೆಯಲ್ಲಿ ಏಳು ಶೇಕಡದ ಏರುಪೇರು ಅದೃಷ್ಟದಿಂದಲೇ ಬರುತ್ತದೆ. 200 ಆದಾಗ ಆ ಏರುಪೇರು ಮೂರೂವರೆಗೆ ಇಳಿಯುತ್ತದೆ. ಒಂದೇ ತಿಂಗಳಲ್ಲಿ ಮಾರುಕಟ್ಟೆ ಕುಸಿದು ಇಪ್ಪತ್ತು ಷೇರುಗಳ ನೆಕ್‌ಲೈನ್ ಮುರಿದಿದ್ದರೆ ಅದನ್ನು ಇಪ್ಪತ್ತು ಸಾಕ್ಷಿಗಳೆಂದು ಎಣಿಸಬಾರದು, ಅದು ಹೆಚ್ಚುಕಡಿಮೆ ಒಂದೇ ಸಾಕ್ಷಿ. ಮಾಹಿತಿಯಲ್ಲಿ ಪಟ್ಟಿಯಿಂದ ಹೊರಬಿದ್ದ ಕಂಪನಿಗಳೂ ಇರಬೇಕು. ಪೂರ್ತಿ ಕುಸಿದು ಮಾಯವಾದ ಷೇರುಗಳನ್ನು ಬಿಟ್ಟರೆ ಶಿಖರದ ಆಕೃತಿಗಳಿಗೆ ಅನ್ಯಾಯವಾಗುತ್ತದೆ, ಅವು ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತವೆ.

ಇನ್ನೊಂದು ಸೂಕ್ಷ್ಮವೂ ಇದೆ. ನೆಕ್‌ಲೈನ್ ಮುರಿದ ಮೇಲೆ ಬೆಲೆ ಮರಳಿ ಗೆರೆ ಮುಟ್ಟುವವರೆಗೆ ಕಾದು ಶಾರ್ಟ್ ಮಾಡುವುದು ಜಾಣತನವೆಂಬ ಸಲಹೆ ವ್ಯಾಪಕವಾಗಿದೆ. ಅದರಿಂದ ಅಪಾಯ ಮತ್ತು ಲಾಭದ ಅನುಪಾತ ಉತ್ತಮವಾಗುವುದು ನಿಜ. ಆದರೆ ಸೋಲುವ ಪ್ರತಿಯೊಂದು ಆಕೃತಿಯೂ ಮೇಲೆ ಹೋಗಲು ಗೆರೆಯನ್ನು ದಾಟಲೇಬೇಕು, ಹಾಗಾಗಿ ಕಾಯುವವರಿಗೆ ಸೋಲುಗಳೆಲ್ಲವೂ ಸಿಗುತ್ತವೆ. ಗೆಲ್ಲುವವುಗಳಲ್ಲಿ ಹಿಂದಿರುಗಿ ನೋಡದೆ ನೇರವಾಗಿ ಬೀಳುವವು ತಪ್ಪಿಹೋಗುತ್ತವೆ. ಎಣಿಸುವಾಗ ಈ ಎರಡು ಬಗೆಯ ಪ್ರವೇಶವನ್ನು ಬೇರೆಬೇರೆಯಾಗಿಯೇ ಎಣಿಸಬೇಕು.

ಯಾರಿಗೆ, ಯಾವುದಕ್ಕೆ

ನಮ್ಮ ದೇಶದ ಸಣ್ಣ ಹೂಡಿಕೆದಾರರು ನಗದು ಮಾರುಕಟ್ಟೆಯಲ್ಲಿ ಶಾರ್ಟ್ ಮಾಡಿದರೆ ಅದೇ ದಿನ ಮರಳಿ ಕೊಳ್ಳಬೇಕು. ವಾರಗಟ್ಟಲೆ ಶಾರ್ಟ್ ಹಿಡಿಯಬೇಕೆಂದರೆ ಫ್ಯೂಚರ್ಸ್ ಅಥವಾ ಪುಟ್ ಆಪ್ಷನ್‌ಗೆ ಹೋಗಬೇಕು. ಆ ವಿಭಾಗದಲ್ಲಿ ವ್ಯವಹರಿಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇಕಡ 93 ಮಂದಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ನಷ್ಟ ಕಂಡರು ಎಂದು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಆಪ್ಷನ್ ಕೊಂಡವರಿಗೆ ಬೆಲೆ ಟಾರ್ಗೆಟ್ ಮುಟ್ಟಿದರೆ ಸಾಲದು, ಅವಧಿಯೊಳಗೆ ಮುಟ್ಟಬೇಕು. ಅಳತೆಯ ನಿಯಮ ಅವಧಿಯ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ಸಂಶೋಧನೆಗಳು ಕಂಡ ಅಲ್ಪ ಲಾಭವನ್ನು ಈ ಖರ್ಚುಗಳ ಎದುರು ಉಳಿಸಿಕೊಳ್ಳುವುದು ಬಹಳ ಕಷ್ಟ.

ಆದರೆ ಷೇರು ಈಗಾಗಲೇ ಕೈಯಲ್ಲಿದ್ದವರ ಸ್ಥಿತಿ ಬೇರೆ. ಅವರಿಗೆ ಟಾರ್ಗೆಟ್ ಮುಟ್ಟಲೇಬೇಕೆಂಬ ಅಗತ್ಯವಿಲ್ಲ, ಶಾರ್ಟ್ ಮಾಡುವ ಖರ್ಚಿಲ್ಲ. ಆಕೃತಿ ಮೂಡಿದ ಷೇರು ಮಾರುಕಟ್ಟೆಗಿಂತ ಹಿಂದೆ ಬೀಳುವ ಸಂಭವ ತುಸು ಹೆಚ್ಚು ಎಂಬಷ್ಟೇ ತಿಳಿದರೂ, ಆ ಹಣ ಅಲ್ಲೇ ಇರಬೇಕೇ ಎಂದು ಮರುಪರಿಶೀಲಿಸಲು ಅದು ಸಾಕಾದ ಕಾರಣ. ಅಂಥ ಪರಿಶೀಲನೆಯಲ್ಲಿ ನೆಕ್‌ಲೈನ್ ಒಂದು ದಿನಾಂಕ ಕೊಡುತ್ತದೆ: ಈ ಮಟ್ಟದ ಕೆಳಗೆ ಮುಗಿದ ದಿನ ಕಂಪನಿಯ ಫಲಿತಾಂಶ, ಸಾಲ, ಬೆಲೆಗಳನ್ನು ಹೊಸದಾಗಿ ನೋಡುತ್ತೇನೆ ಎಂದು ಮೊದಲೇ ನಿರ್ಧರಿಸಿಟ್ಟುಕೊಳ್ಳಬಹುದು. ಟಾರ್ಗೆಟ್ ಇನ್ನೊಂದು ಅಂದಾಜು ಕೊಡುತ್ತದೆ: ಕುಸಿತ ಬಂದರೆ ಅದರ ಗಾತ್ರ ಈ ಮಟ್ಟದ್ದಾಗಿರಬಹುದು, ಅಷ್ಟನ್ನು ತಡೆದುಕೊಳ್ಳುವಷ್ಟು ಮಾತ್ರ ಈ ಷೇರಿನಲ್ಲಿ ಹಣ ಇದೆಯೇ? ಈ ಎರಡು ಕೆಲಸಗಳಿಗೆ ಆಕೃತಿಗಳು ಯೋಗ್ಯವಾಗಿವೆ. ಅದಕ್ಕೂ ಮುಂದೆ ಹೋಗಿ, ಗೆರೆ ಮುರಿದಿದೆ ಎಂಬ ಒಂದೇ ಕಾರಣಕ್ಕೆ ಸಾಲದ ಹಣ ಹಾಕಿ ಶಾರ್ಟ್ ಮಾಡಲು ತೊಂಬತ್ತು ವರ್ಷಗಳ ಚಾರ್ಟ್ ಸಾಹಿತ್ಯದಲ್ಲಾಗಲಿ, ಅದನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಾಗಲಿ ಸಾಕಷ್ಟು ಆಧಾರ ಸಿಕ್ಕಿಲ್ಲ.